ಬಾರಕ್ಕ ಬಾರಣ್ಣ ಕೆರೆ ಏರಿ ಮೇಲೆ

(ಅರಳಿಕಟ್ಟೆಯ ಸಕ್ಕರೆ ಕಾಯಿಲೆ ಸಭೆಗೆ ಆಶಾ ಅಕ್ಕನ ಹಾಡು. ಪಲ್ಲವಿಗೆ ಎಲ್ಲರೂ ದನಿಗೂಡಿಸಬೇಕು, ಸುಮ್ನೆ ಕೂರೋ ಹಾಗಿಲ್ಲ!)

ಬಾರಕ್ಕ ಬಾರಣ್ಣ ಕೆರೆ ಏರಿ ಮೇಲೆ
ಅರ್ಧ ಗಂಟೆ ನಡೆಯೋಣ ಬೆಳಗಿನ ವೇಳೆ

ಮುದ್ದೆ ಬಿಡಿ ಅಂತ ನಾನೆಲ್ಲಿ ಹೇಳಿದೆ?
ಎರಡಿದ್ದದ್ದು ಒಂದಾಗಲಿ, ಅದೂ ಚಿಕ್ಕದೇ
ರಾಗಿ ತಾನೇ ಅಂತ ಜಾಸ್ತಿ ಉಂಡರೆ ಸಕ್ಕರೆ ಏರದೆ ಇರುತ್ತದಾ?
ಅರ್ಧ ತಟ್ಟೆ ಸೊಪ್ಪು ತರಕಾರಿ, ಹುರುಳಿಕಾಳಿನ ಬಸ್ಸಾರು, ಸಾಲದಾ?

ಸಕ್ಕರೆ ಬಿಟ್ಟೆ, ಬೆಲ್ಲದ ಕಾಫಿ ಅಂದರು ನಮ್ಮತ್ತೆ
ರಕ್ತಕ್ಕೆ ಹೋದರೆ ಎರಡೂ ಒಂದೇ ಅತ್ತೆ!
ಶ್ರೀನಿವಾಸಪುರದ ಮಾವು ಬಂದರೆ ಬಾಯಿ ಮಾತು ಕೇಳುತ್ತಾ?
ಒಂದೆರಡು ಹೋಳು ಸಾಕು, ಬುಟ್ಟಿ ಪಕ್ಕ ಕೂರಬೇಡಿ, ಆಯ್ತಾ?

ಬಾರಕ್ಕ ಬಾರಣ್ಣ ಕೆರೆ ಏರಿ ಮೇಲೆ
ಅರ್ಧ ಗಂಟೆ ನಡೆಯೋಣ ಬೆಳಗಿನ ವೇಳೆ

ಡೈರಿಗೆ ಹಾಲು ಹಾಕಿ ಬಂದೆ, ನಡೆದದ್ದಾಯ್ತು ಅನ್ನುತ್ತೀರಿ
ದಾರಿಯಲ್ಲಿ ನಾಲ್ಕು ಕಡೆ ನಿಂತು ಹರಟೆ ಹೊಡೆಯುತ್ತೀರಿ
(ನಾನೂ ಅಷ್ಟೇ ಬಿಡಿ)
ಮೈ ಬೆಚ್ಚಗಾಗಬೇಕು, ಉಸಿರು ಜೋರಾಗಬೇಕು, ಮಾತಾಡಬಹುದು, ಆದರೆ ಹಾಡೋಕಾಗಬಾರದು
ಕಾಲು ಜುಮ್ ಅನ್ನುವವರು ಬರಿಗಾಲಲ್ಲಿ ಬರಲೇಬಾರದು

ಖಾಲಿ ಹೊಟ್ಟೆಯಲ್ಲಿ ಸಕ್ಕರೆ 126 ಮುಟ್ಟಿದರೆ ಡಾಕ್ಟರ್ ಹತ್ರ ಹೋಗೋಣ
ಸಕ್ಕರೆ ಇಳಿಯಿತು ಅಂತ ಮಾತ್ರೆ ಬಿಡಬೇಡ ಕಣಣ್ಣ
ಮಾತ್ರೆ ನುಂಗಿ ಉಪವಾಸ ಬೇಡ, ನಡುಕ ಬೆವರು ಬಂದರೆ
ತಕ್ಷಣ ಸಕ್ಕರೆ ನೀರು ಕುಡಿಯಿರಿ, ಆಗ ಮಾತ್ರ ಸಕ್ಕರೆ!

ನಾಳೆ ಆರಕ್ಕೆ ಇದೇ ಕಟ್ಟೆ ಹತ್ರ ಕಾಯುತ್ತೇನೆ
ಬರದವರ ಬಾಗಿಲು ತಟ್ಟುತ್ತೇನೆ

ಬಾರಕ್ಕ ಬಾರಣ್ಣ ಕೆರೆ ಏರಿ ಮೇಲೆ
ಅರ್ಧ ಗಂಟೆ ನಡೆಯೋಣ ಬೆಳಗಿನ ವೇಳೆ