ವೈದ್ಯಕೀಯ ರಜೆಯಿಂದಾದ ಹಾಜರಾತಿ ಕೊರತೆ ಮನ್ನಾ ಮಾಡಲು ಕೋರಿಕೆ

ಶಂಕರಘಟ್ಟ
3 ಏಪ್ರಿಲ್ 2025

ಇಂದ,
ಸಹನಾ ಎಚ್. ಆರ್.
ಮೂರನೇ ಸೆಮಿಸ್ಟರ್ ಎಂ.ಎಸ್ಸಿ., ರೋಲ್ ನಂಬರ್ 14
ಪರಿಸರ ವಿಜ್ಞಾನ ವಿಭಾಗ
ಕುವೆಂಪು ವಿಶ್ವವಿದ್ಯಾಲಯ, ಜ್ಞಾನ ಸಹ್ಯಾದ್ರಿ

ಗೆ,
ಮಾನ್ಯ ಅಧ್ಯಕ್ಷರು
ಪರಿಸರ ವಿಜ್ಞಾನ ವಿಭಾಗ
ಕುವೆಂಪು ವಿಶ್ವವಿದ್ಯಾಲಯ, ಜ್ಞಾನ ಸಹ್ಯಾದ್ರಿ
ಶಂಕರಘಟ್ಟ – 577451

ವಿಷಯ: ಮಂಗನ ಕಾಯಿಲೆಯಿಂದ ಜನವರಿ 25ರಿಂದ ಮಾರ್ಚ್ 15ರವರೆಗೆ ತರಗತಿಗೆ ಬರಲಾಗದೆ ಉಂಟಾದ ಹಾಜರಾತಿ ಕೊರತೆಯನ್ನು ಮನ್ನಾ ಮಾಡಲು ಶಿಫಾರಸು ಕೋರಿ.

ಮಾನ್ಯರೇ,

ಮೊನ್ನೆ ಮಂಗಳವಾರ ನೋಟಿಸ್ ಬೋರ್ಡಿನಲ್ಲಿ ಹಾಕಿರುವ ಹಾಜರಾತಿ ಶಾರ್ಟೇಜ್ ಪಟ್ಟಿಯಲ್ಲಿ ನನ್ನ ಹೆಸರಿದೆ. ಮಾರ್ಚ್ 31ರವರೆಗಿನ ಲೆಕ್ಕದಲ್ಲಿ ಥಿಯರಿಯಲ್ಲಿ ನನ್ನ ಹಾಜರಾತಿ ಶೇ. 62.4. ಪರೀಕ್ಷೆಗೆ ಕೂರಲು ಶೇ. 75 ಬೇಕು. ಇನ್ನು ಉಳಿದ ತರಗತಿಗಳಿಗೆಲ್ಲ ಬಂದರೂ ನಾನು ಅಲ್ಲಿಗೆ ಮುಟ್ಟುವುದಿಲ್ಲ. ಈ ಕೊರತೆಯನ್ನು ವೈದ್ಯಕೀಯ ಕಾರಣದ ಮೇಲೆ ಮನ್ನಾ ಮಾಡಲು ತಾವು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗೇ ಇದೆ. ಜನವರಿ 18 ಮತ್ತು 19ರಂದು ಊರಿಗೆ ಹೋಗಿದ್ದೆ. ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ತರುವ ಕೆಲಸ ನಡೆದಿತ್ತು, ನಾನೂ ಕೈ ಹಾಕಿದ್ದೆ. ಹಾಸ್ಟೆಲ್ಲಿಗೆ ವಾಪಸ್ ಬಂದು, 24ರ ಶುಕ್ರವಾರ ತರಗತಿ ಮುಗಿಸಿದ ಸಂಜೆಯೇ ಜೋರು ಜ್ವರ ಬಂತು. ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು, ವಾಂತಿ. ಮರುದಿನ ಅಣ್ಣ ಬಂದು ಊರಿಗೆ ಕರೆದುಕೊಂಡು ಹೋದ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದ ಮಾದರಿ ತೆಗೆದು ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಿದರು. 28ಕ್ಕೆ ಆರ್‌ಟಿ-ಪಿಸಿಆರ್ ವರದಿ ಬಂತು. ಕ್ಯಾಸನೂರು ಕಾಡಿನ ಕಾಯಿಲೆ, ಪಾಸಿಟಿವ್. ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎರಡೂ ಇಳಿದಿದ್ದರಿಂದ 29ರಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ದಾಖಲಾದೆ. ಫೆಬ್ರವರಿ 6ಕ್ಕೆ ಮನೆಗೆ ಕಳಿಸಿದರು.

ಅಲ್ಲಿಗೆ ಮುಗಿದಿದ್ದರೆ ಫೆಬ್ರವರಿ ಮಧ್ಯದಲ್ಲೇ ತರಗತಿಗೆ ಬರುತ್ತಿದ್ದೆ, ಶಾರ್ಟೇಜ್ ಪ್ರಶ್ನೆಯೇ ಏಳುತ್ತಿರಲಿಲ್ಲ. ಆದರೆ ಈ ಕಾಯಿಲೆ ಕೆಲವರಲ್ಲಿ ಎರಡು ಹಂತದಲ್ಲಿ ಬರುತ್ತದೆ. ಮೊದಲ ಜ್ವರ ಬಿಟ್ಟು ಒಂದೆರಡು ವಾರ ಸುಮ್ಮನಿರುತ್ತದೆ. ಆಮೇಲೆ ಮತ್ತೆ ಜ್ವರ, ಈ ಸಲ ಮಿದುಳು ಮತ್ತು ನರಕ್ಕೆ ಸಂಬಂಧಿಸಿದ ತೊಂದರೆ. ನನಗೂ ಹಾಗೇ ಆಯಿತು. ಫೆಬ್ರವರಿ 14ರಂದು ಜ್ವರ ಮರಳಿತು. ಕತ್ತು ಬಿಗಿಯಿತು, ಕಣ್ಣು ಮಂಜಾಯಿತು, ಕೈ ನಡುಗಲು ಶುರುವಾಯಿತು. 15ರಿಂದ 24ರವರೆಗೆ ಮತ್ತೆ ಆಸ್ಪತ್ರೆಯಲ್ಲಿದ್ದೆ. ಈ ವೈರಸ್ಸಿಗೆಂದೇ ಇರುವ ಔಷಧಿ ಇಲ್ಲ. ಲಕ್ಷಣ ನೋಡಿಕೊಂಡು ಚಿಕಿತ್ಸೆ ಕೊಡುತ್ತಾರೆ, ಉಳಿದದ್ದು ವಿಶ್ರಾಂತಿ. ಡಿಸ್ಚಾರ್ಜ್ ಮಾಡುವಾಗ ವೈದ್ಯರು ಮಾರ್ಚ್ 15ರವರೆಗೆ ಕಡ್ಡಾಯ ವಿಶ್ರಾಂತಿ ಬರೆದುಕೊಟ್ಟರು. ಆ ದಿನಗಳಲ್ಲಿ ಮನೆಯ ಅಂಗಳ ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು, ಓದಲು ಕೂತರೆ ತಲೆ ಸುತ್ತುತ್ತಿತ್ತು. ಮಾರ್ಚ್ 17ರ ಸೋಮವಾರ ಫಿಟ್‌ನೆಸ್ ಸರ್ಟಿಫಿಕೇಟ್ ತಂದು ತರಗತಿಗೆ ಸೇರಿದೆ. ಅಂದಿನಿಂದ ಒಂದು ತರಗತಿಯನ್ನೂ ಬಿಟ್ಟಿಲ್ಲ.

ವಿಭಾಗಕ್ಕೆ ಆಗಲೇ ತಿಳಿಸಿದ್ದೆವು. ಅಣ್ಣ ಜನವರಿ 27ರಂದು ಕಚೇರಿಗೆ ಬಂದು ರಜೆ ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದಾನೆ. ಎರಡನೇ ಸಲ ದಾಖಲಾದಾಗ ಫೆಬ್ರವರಿ 17ರಂದು ರಜೆ ವಿಸ್ತರಣೆಯ ಪತ್ರವನ್ನೂ ಕೊಟ್ಟಿದ್ದಾನೆ. ಎರಡರ ಪ್ರತಿಗಳೂ ಇದರ ಜೊತೆಗಿವೆ.

ಈಗ ಲೆಕ್ಕದ ವಿಷಯ. ಇದನ್ನು ತಾವು ಒಮ್ಮೆ ಬಿಡಿಸಿ ನೋಡಬೇಕೆಂದು ನನ್ನ ವಿನಂತಿ, ಯಾಕೆಂದರೆ ಒಟ್ಟು ಶೇಕಡಾವಾರು ನೋಡಿದರೆ ನಾನು ಸೆಮಿಸ್ಟರ್ ಪೂರ್ತಿ ಆಗಾಗ ತಪ್ಪಿಸಿಕೊಂಡವಳಂತೆ ಕಾಣುತ್ತದೆ. ಸೆಮಿಸ್ಟರ್ ಶುರುವಾದ ನವೆಂಬರ್ 25ರಿಂದ ಜನವರಿ 24ರವರೆಗೆ ನಡೆದ 132 ಥಿಯರಿ ತರಗತಿಗಳಲ್ಲಿ 126ಕ್ಕೆ ಹಾಜರಿದ್ದೆ, ಅಂದರೆ ಶೇ. 95. ಕಾಯಿಲೆಯ ಅವಧಿಯಲ್ಲಿ ನಡೆದದ್ದು 88, ಒಂದಕ್ಕೂ ಬರಲಾಗಲಿಲ್ಲ. ಸೇರಿದ ಮೇಲೆ ಮಾರ್ಚ್ ಕೊನೆಯವರೆಗೆ ನಡೆದ 30ಕ್ಕೆ 30. ವೇಳಾಪಟ್ಟಿಯಂತೆ ಏಪ್ರಿಲ್ 17ರೊಳಗೆ ಒಟ್ಟು 36 ತರಗತಿಗಳಿವೆ, ಎಲ್ಲಕ್ಕೂ ಬರುತ್ತೇನೆ. ಆಗ ಒಟ್ಟು 286ರಲ್ಲಿ 192 ಆಗುತ್ತದೆ, ಶೇ. 67.1. ಬೇಕಾದದ್ದು 215. ಕಡಿಮೆ ಬೀಳುವುದು 23 ತರಗತಿ. ಪ್ರಾಯೋಗಿಕ ತರಗತಿಯಲ್ಲಿ ಸೆಮಿಸ್ಟರ್ ಮುಗಿಯುವಾಗ 56ರಲ್ಲಿ 37 ಇರುತ್ತದೆ, ಅಲ್ಲಿ ಐದು ಕಡಿಮೆ. ರಜೆಗೆ ಮೊದಲು ಮತ್ತು ಆಮೇಲಿನ ದಿನಗಳನ್ನಷ್ಟೇ ತೆಗೆದುಕೊಂಡರೆ ನನ್ನ ಹಾಜರಾತಿ ಬೇಕಾದದ್ದಕ್ಕಿಂತ ಎಷ್ಟೋ ಮೇಲಿದೆ. ಕೊರತೆ ಪೂರ್ತಿಯಾಗಿ ಆ ಏಳು ವಾರಗಳದ್ದು, ಅವಕ್ಕೆಲ್ಲ ಆಸ್ಪತ್ರೆಯ ದಾಖಲೆ ಇದೆ.

ಹಾಜರಾತಿ ನಿಯಮ ಯಾಕಿದೆ ಎಂಬುದು ನನಗೆ ಗೊತ್ತು. ಅದರಲ್ಲೂ ನಮ್ಮದು ಲ್ಯಾಬಿನಲ್ಲಿ ಕೈಯಾರೆ ಕಲಿಯುವ ವಿಷಯ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವುದು ಪುಸ್ತಕ ಓದಿದರೆ ಬರುವುದಿಲ್ಲ, ಟೈಟ್ರೇಷನ್ ಮಾಡಿ ಬಣ್ಣ ಹೋಗುವ ಕ್ಷಣವನ್ನು ಕಣ್ಣಾರೆ ಹಿಡಿಯಬೇಕು. ಹಾಗಾಗಿ ಮನ್ನಾ ಮಾಡಿ ಎಂದಷ್ಟೇ ಕೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ. ತಪ್ಪಿಹೋದ ಪ್ರಯೋಗಗಳನ್ನು ಪರೀಕ್ಷೆಗೆ ಮೊದಲು ಮಾಡಿ ಮುಗಿಸಲು ಅವಕಾಶ ಕೊಡಿ. ಬಿಒಡಿ, ಸಿಒಡಿ, ಮಣ್ಣಿನ ಸಾವಯವ ಇಂಗಾಲ, ಇವು ಮೂರು ಮುಖ್ಯವಾಗಿ ಬಾಕಿ. ಬಿಒಡಿಗೆ ಮಾದರಿಯನ್ನು 20 ಡಿಗ್ರಿಯಲ್ಲಿ ಐದು ದಿನ ಇಡಬೇಕು. ಏಪ್ರಿಲ್ 5ರ ಶನಿವಾರ ಮಧ್ಯಾಹ್ನ ಇಟ್ಟರೆ 10ರ ಗುರುವಾರ ತೆಗೆದು ಟೈಟ್ರೇಷನ್ ಮಾಡಬಹುದು. ಅಂದು ಮಹಾವೀರ ಜಯಂತಿಯ ರಜೆ, ಲ್ಯಾಬ್ ಸಹಾಯಕರು ಒಂದು ತಾಸು ಬರಲು ಒಪ್ಪಿದ್ದಾರೆ. ತಮ್ಮ ಅನುಮತಿ ಬೇಕು. ಸಿಒಡಿ ಮತ್ತು ಮಣ್ಣಿನ ಪ್ರಯೋಗಗಳನ್ನು 12ರ ಶನಿವಾರ ಮುಗಿಸಬಲ್ಲೆ.

ಫೆಬ್ರವರಿಯಲ್ಲಿ ತರಗತಿಯವರು ಭದ್ರಾ ನದಿಗೆ ಹೋಗಿ ನೀರಿನ ಮಾದರಿ ತಂದ ಕ್ಷೇತ್ರ ಕಾರ್ಯವೂ ನನಗೆ ತಪ್ಪಿದೆ. ಬಿಆರ್‌ಪಿ ಇಲ್ಲೇ ಪಕ್ಕದಲ್ಲಿದೆ. ಅದೇ ಜಾಗಗಳಿಂದ ಮಾದರಿ ತಂದು, ತಂಡದವರ ಫೆಬ್ರವರಿ ಫಲಿತಾಂಶದ ಜೊತೆ ಹೋಲಿಸಿ ವರದಿ ಕೊಡುತ್ತೇನೆ. ಏಪ್ರಿಲ್ ಹೊತ್ತಿಗೆ ಬಿಸಿಲು ಏರಿರುತ್ತದೆ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಈ ಹೋಲಿಕೆಯಿಂದ ವಿಭಾಗದ ದಾಖಲೆಗೂ ಸ್ವಲ್ಪ ಉಪಯೋಗ ಆಗಬಹುದು ಎಂದು ನನಗೆ ಅನ್ನಿಸುತ್ತದೆ.

ಕೈ ನಡುಕದ ಬಗ್ಗೆ ತಮಗೆ ಅನುಮಾನ ಬರಬಹುದು. ಅದು ಪೂರ್ತಿ ನಿಂತಿದೆ, ಗಾಜಿನ ಉಪಕರಣ ಮತ್ತು ಆಮ್ಲ ಬಳಸಲು ಅಡ್ಡಿಯಿಲ್ಲ ಎಂದು ವೈದ್ಯರು ಸರ್ಟಿಫಿಕೇಟಿನಲ್ಲಿ ಬರೆದಿದ್ದಾರೆ. ಇನ್ನೊಂದು ಮಾತನ್ನೂ ಹೇಳಬೇಕು. ಮಂಗನ ಕಾಯಿಲೆ ಉಣುಗು ಕಚ್ಚಿ ಬರುವಂಥದ್ದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಸ್ಟೆಲ್ಲಿನಲ್ಲಿ ಒಂದಿಬ್ಬರು ಗೆಳತಿಯರು ಹೆದರಿದ್ದರು. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೂ ಆ ಭಯ ಇದ್ದರೆ, ತಾವು ಒಂದು ಮಾತು ಹೇಳಿದರೆ ಸಾಕು.

ಮೊದಲ ಆಂತರಿಕ ಪರೀಕ್ಷೆ ಬರೆದಿದ್ದೇನೆ, ಅಂಕಗಳು ಚೆನ್ನಾಗಿವೆ. ಎರಡನೆಯದು ನಾನು ಆಸ್ಪತ್ರೆಯಲ್ಲಿದ್ದ ವಾರವೇ ನಡೆಯಿತು. ಅದನ್ನು ಬೇರೆ ದಿನ ಬರೆಯಲು ಅವಕಾಶ ಕೊಡಬೇಕು. ಬಾಕಿ ಇದ್ದ ಅಸೈನ್‌ಮೆಂಟ್‌ಗಳನ್ನೆಲ್ಲ ಈಗಾಗಲೇ ಒಪ್ಪಿಸಿದ್ದೇನೆ. ಸೆಮಿನಾರ್ ಮುಂದಿನ ಬುಧವಾರ ಇದೆ.

ಈ ಸಲ ಪರೀಕ್ಷೆಗೆ ಕೂರಲಾಗದಿದ್ದರೆ ಇದೇ ಸೆಮಿಸ್ಟರ್ ಮತ್ತೆ ನಡೆಯುವವರೆಗೆ ಕಾಯಬೇಕು, ಒಂದು ವರ್ಷ ಹೋಗುತ್ತದೆ. ನಾಲ್ಕನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ ಮಲೆನಾಡಿನ ಹಳ್ಳಿಗಳ ಕುಡಿಯುವ ನೀರಿನ ಮೂಲಗಳ ಗುಣಮಟ್ಟ. ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಮಾದರಿ ಬೇಕು. ಈ ಬೇಸಿಗೆ ತಪ್ಪಿದರೆ ಇನ್ನೊಂದು ಬೇಸಿಗೆಯೇ ಬರಬೇಕು.

ಜೊತೆಗೆ ಒಂದು ಸಣ್ಣ ವಿನಂತಿ, ಇದು ನನ್ನೊಬ್ಬಳದ್ದಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಈಗಲೂ ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ತಿಂಗಳುಗಳಲ್ಲೇ ಇದು ಜಾಸ್ತಿ. ಅವೇ ನಮ್ಮ ತರಗತಿ ನಡೆಯುವ ತಿಂಗಳುಗಳು. ತೀರ್ಥಹಳ್ಳಿ, ಸಾಗರ, ಸೊರಬ, ಹೊಸನಗರದ ಕಡೆಯಿಂದ ಬರುವ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದಲ್ಲಿ ಬಹಳ ಮಂದಿ ಇದ್ದೇವೆ. ರಜೆಗೆ ಊರಿಗೆ ಹೋಗುವ ಮೊದಲು ಉಣುಗಿನಿಂದ ಎಚ್ಚರವಾಗಿರುವ ಬಗ್ಗೆ, ಕಾಡಿಗೆ ಹೋಗುವಾಗ ಹಚ್ಚಿಕೊಳ್ಳುವ ಎಣ್ಣೆಯ ಬಗ್ಗೆ ನಮ್ಮ ವಿಭಾಗದಿಂದಲೇ ಒಂದು ಸೂಚನೆ ಹೊರಟರೆ ಒಳ್ಳೆಯದು. ತಾವು ಹೇಳಿದರೆ ಅದನ್ನು ನಾನೇ ಬರೆದು ಕೊಡುತ್ತೇನೆ.

ಪರೀಕ್ಷಾ ಶುಲ್ಕ ಕಟ್ಟಲು ಏಪ್ರಿಲ್ 15 ಕೊನೆಯ ದಿನ. ಅದಕ್ಕೆ ಮೊದಲು ವಿಭಾಗದ ಶಿಫಾರಸು ಹೋದರೆ ನನಗೆ ದೊಡ್ಡ ಉಪಕಾರ. ನಿಯಮದಂತೆ ಕಟ್ಟಬೇಕಾದ ಶುಲ್ಕವಿದ್ದರೆ ಕಟ್ಟುತ್ತೇನೆ. ಮೂಲ ದಾಖಲೆಗಳನ್ನು ನೋಡಬೇಕಿದ್ದರೆ ತಾವು ಹೇಳಿದ ಹೊತ್ತಿಗೆ ತಂದು ತೋರಿಸುತ್ತೇನೆ. ತಂದೆಯವರು ತಮ್ಮನ್ನು ಕಂಡು ಮಾತಾಡಲು ಸೋಮವಾರ ಬರುತ್ತಿದ್ದಾರೆ.

ವಂದನೆಗಳೊಂದಿಗೆ,

ತಮ್ಮ ವಿದ್ಯಾರ್ಥಿನಿ,
ಸಹನಾ ಎಚ್. ಆರ್.

ಲಗತ್ತು: ಆರ್‌ಟಿ-ಪಿಸಿಆರ್ ವರದಿ, ಎರಡು ಡಿಸ್ಚಾರ್ಜ್ ಸಾರಾಂಶಗಳು, ವಿಶ್ರಾಂತಿಯ ಸಲಹಾ ಪತ್ರ, ಫಿಟ್‌ನೆಸ್ ಸರ್ಟಿಫಿಕೇಟ್, ಸ್ವೀಕೃತಿ ಸಹಿತ ಎರಡು ರಜೆ ಪತ್ರಗಳ ಪ್ರತಿ, ಭರ್ತಿ ಮಾಡಿದ ಹಾಜರಾತಿ ಮನ್ನಾ ಅರ್ಜಿ ನಮೂನೆ.

ಪೋಷಕರ ಒಪ್ಪಿಗೆ: ಮಗಳು ಮೇಲೆ ಬರೆದಿರುವುದೆಲ್ಲ ನಿಜ. ದಯವಿಟ್ಟು ಅನುಕೂಲ ಮಾಡಿಕೊಡಬೇಕು. ತಂದೆಯ ಸಹಿ ಅರ್ಜಿ ನಮೂನೆಯಲ್ಲಿದೆ.