ಮಾರ್ಚ್ 13ರ ಬೆಳಗಿನ ಹಾಲು ಶೇಖರಣಾ ಸರ್ವರ್ ಸ್ಥಗಿತ: ಕಾರಣ ಮತ್ತು ತಡೆ ಕ್ರಮಗಳ ವರದಿ

ದಿನಾಂಕ: 15 ಮಾರ್ಚ್ 2025

ಗೆ: ವ್ಯವಸ್ಥಾಪಕ ನಿರ್ದೇಶಕರು
ಪ್ರತಿ: ಮುಖ್ಯಸ್ಥರು, ಹಾಲು ಶೇಖರಣಾ ವಿಭಾಗ; ಮುಖ್ಯಸ್ಥರು, ಲೆಕ್ಕಪತ್ರ ವಿಭಾಗ
ಇಂದ: ಮುಖ್ಯಸ್ಥ, ಮಾಹಿತಿ ತಂತ್ರಜ್ಞಾನ ವಿಭಾಗ

ಮಾನ್ಯರೇ,

ಗುರುವಾರ ಬೆಳಿಗ್ಗೆ 5:41ರಿಂದ 7:43ರವರೆಗೆ, ಅಂದರೆ 2 ಗಂಟೆ 2 ನಿಮಿಷ, ನಮ್ಮ ಕೇಂದ್ರ ಶೇಖರಣಾ ಸರ್ವರ್ ನಿಂತಿತ್ತು. ದತ್ತಸಂಚಯವಿದ್ದ ಡಿಸ್ಕ್ ಪೂರ್ತಿ ತುಂಬಿದ್ದೇ ಕಾರಣ. ಅದು ಒಂದೇ ರಾತ್ರಿಯಲ್ಲಿ ತುಂಬಿದ್ದಲ್ಲ. ಹತ್ತು ದಿನಗಳಿಂದ ನಮ್ಮ ಕಣ್ಣೆದುರೇ ತುಂಬುತ್ತಾ ಬಂದಿತ್ತು, ನಾವು ನೋಡಲಿಲ್ಲ. ಯಾವ ಸಂಘದ ಲೆಕ್ಕವೂ ಕಳೆದುಹೋಗಿಲ್ಲ. ಬಟವಾಡೆಯಲ್ಲಿ ಯಾವ ಉತ್ಪಾದಕರಿಗೂ ಒಂದು ರೂಪಾಯಿ ವ್ಯತ್ಯಾಸವಾಗುವುದಿಲ್ಲ.

ಸಂಘಗಳಲ್ಲಿ ಆದದ್ದು

ಹೆಚ್ಚಿನ ಸಂಘಗಳ ಯಂತ್ರಗಳು ತೂಕ ಮತ್ತು ಫ್ಯಾಟ್ ಅಂಕಿಗಳನ್ನು ತಮ್ಮಲ್ಲೇ ಉಳಿಸಿಕೊಂಡು, ಸಂಪರ್ಕ ಬಂದ ಮೇಲೆ ಕಳುಹಿಸುತ್ತವೆ. ಅಲ್ಲಿ ಚೀಟಿಗಳು ಎಂದಿನಂತೆ ಮುದ್ರಣವಾದವು. ಕೇಂದ್ರ ಸರ್ವರ್ ಮೂಲಕವೇ ಚೀಟಿ ಕೊಡುವ 37 ಸಂಘಗಳಲ್ಲಿ ಮಾತ್ರ ಕೆಲಸ ನಿಂತಿತು. ಕಾರ್ಯದರ್ಶಿಗಳು ಹಳೆಯ ರಿಜಿಸ್ಟರ್ ತೆರೆದು ಕೈಯಲ್ಲಿ ಬರೆದುಕೊಂಡರು. ಒಂದು ಸಂಘದ ಕಾರ್ಯದರ್ಶಿ ಕರೆ ಮಾಡಿದಾಗ ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು. ಚೀಟಿ ಕೈಗೆ ಬಾರದೆ ಹೋಗುವುದಿಲ್ಲವೆಂದು ಒಬ್ಬ ತಾಯಿ ಕಟ್ಟೆಯ ಮೇಲೆ ಕುಳಿತಿದ್ದಾರೆ, ಏನು ಹೇಳಲಿ ಎಂದು ಅವರು ಕೇಳಿದರು. ಆ ತಾಯಿಯ ಹಟ ನ್ಯಾಯವಾದದ್ದು. ಆ ಚೀಟಿಯೇ ಅವರ ಕೈಯಲ್ಲಿರುವ ಏಕೈಕ ಲೆಕ್ಕ.

ಸರಕು ಚೀಟಿ ಸಿದ್ಧವಾಗದೆ ಆರು ಟ್ಯಾಂಕರುಗಳು ತಡವಾಗಿ ಹೊರಟವು. ಹಾಲು ಶೀತಲೀಕರಣ ಘಟಕಗಳಲ್ಲೇ ಇದ್ದುದರಿಂದ ಕೆಟ್ಟಿಲ್ಲ. 37 ಸಂಘಗಳ ಕೈಬರಹದ ದಾಖಲೆಗಳನ್ನು ಶುಕ್ರವಾರ ಸಂಜೆಯೊಳಗೆ ಸರ್ವರ್‌ಗೆ ಏರಿಸಿ, ರಿಜಿಸ್ಟರಿನೊಂದಿಗೆ ತಾಳೆ ನೋಡಿದ್ದೇವೆ.

ಮೂಲ ಕಾರಣ

ನಮ್ಮ ಪೋಸ್ಟ್‌ಗ್ರೆಸ್ ದತ್ತಸಂಚಯ ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಒಂದು ದಿನವಹಿಯಲ್ಲಿ ಬರೆದುಕೊಳ್ಳುತ್ತದೆ. ವರದಿಗಳಿಗಾಗಿ ಇಟ್ಟಿರುವ ಎರಡನೆಯ ಸರ್ವರ್ ಆ ದಿನವಹಿಯನ್ನು ಓದಿ ತನ್ನ ಪ್ರತಿಯನ್ನು ಸರಿಮಾಡಿಕೊಳ್ಳುತ್ತದೆ. ಅದು ಎಲ್ಲಿಯವರೆಗೆ ಓದಿದೆ ಎಂಬ ಗುರುತನ್ನು ಮುಖ್ಯ ಸರ್ವರ್ ಇಟ್ಟುಕೊಂಡಿರುತ್ತದೆ. ಇದನ್ನು ಸ್ಲಾಟ್ ಎನ್ನುತ್ತೇವೆ. ಓದಿ ಮುಗಿಯದ ಹಾಳೆಯನ್ನು ಮುಖ್ಯ ಸರ್ವರ್ ಎಂದಿಗೂ ಹರಿಯುವುದಿಲ್ಲ.

ಮಾರ್ಚ್ 3ರ ಸಂಜೆ ಮೆಮೊರಿ ಬದಲಿಸಲು ವರದಿ ಸರ್ವರ್ ಅನ್ನು ನಿಲ್ಲಿಸಿದೆವು. ಬಿಡಿಭಾಗ ಬರುವುದು ತಡವಾಯಿತು. ಸ್ಲಾಟ್ ತೆಗೆಯದೆ ಹಾಗೇ ಬಿಟ್ಟಿದ್ದೆವು. ಓದುವವರಿಲ್ಲದ ದಿನವಹಿ ದಿನಕ್ಕೆ ಸುಮಾರು 12 ಜಿಬಿಯಂತೆ ಬೆಳೆಯಿತು. 200 ಜಿಬಿ ಡಿಸ್ಕಿನಲ್ಲಿ ಅಂದು ಉಳಿದಿದ್ದದ್ದು 112 ಜಿಬಿ. ಒಂಬತ್ತೂವರೆ ದಿನಕ್ಕೆ ಅದು ಮುಗಿಯಿತು. ಗುರುವಾರ ಬೆಳಿಗ್ಗೆ ಕಂಡ ಸ್ಥಿತಿ ಇದು:

```
 slot_name   | active |  held
-------------+--------+--------
 report_slot | f      | 110 GB
```

16 ಎಂಬಿಯ ಏಳು ಸಾವಿರಕ್ಕೂ ಹೆಚ್ಚು ಕಡತಗಳು ಓಡದ ಸರ್ವರ್ ಒಂದಕ್ಕಾಗಿ ಕಾಯುತ್ತಿದ್ದವು. ಸ್ಲಾಟ್ ಎಷ್ಟು ಹಿಡಿದಿಡಬಹುದು ಎಂಬುದಕ್ಕೆ ಮಿತಿ ಹಾಕುವ ಸೌಲಭ್ಯ ಪೋಸ್ಟ್‌ಗ್ರೆಸ್ 13ರಿಂದಲೂ ಇದೆ. ನಮ್ಮದು 14. ನಾವು ಅದನ್ನು ಮೂಲ ಸ್ಥಿತಿಯಲ್ಲೇ, ಅಂದರೆ ಮಿತಿಯೇ ಇಲ್ಲದಂತೆ ಬಿಟ್ಟಿದ್ದೆವು.

ವರದಿ ಸರ್ವರ್ ನಿಲ್ಲಿಸುವ ಕೋರಿಕೆಗೆ ಸಹಿ ಹಾಕಿದವನು ನಾನು. ಸ್ಲಾಟ್ ಏನಾಗುತ್ತದೆ ಎಂದು ಆಗ ನಾನು ಕೇಳಬೇಕಿತ್ತು, ಕೇಳಲಿಲ್ಲ. ಎಚ್ಚರಿಕೆಯೂ ಬಂದಿತ್ತು: ಮಾರ್ಚ್ 11ರ ಮಧ್ಯಾಹ್ನ ಡಿಸ್ಕ್ ಶೇಕಡಾ 90 ದಾಟಿದಾಗ ಇಮೇಲ್ ಹೋಗಿದೆ. ಹೋದದ್ದು ಆರು ತಿಂಗಳ ಹಿಂದೆ ಬೇರೆ ವಿಭಾಗಕ್ಕೆ ವರ್ಗವಾದ ಸಹೋದ್ಯೋಗಿಯ ಅಂಚೆಪೆಟ್ಟಿಗೆಗೆ. ವಿಳಾಸ ಬದಲಿಸದ್ದು ನಮ್ಮ ವಿಭಾಗದ ತಪ್ಪೇ ಹೊರತು ಅವರದ್ದಲ್ಲ.

ಎರಡು ಗಂಟೆ ಏಕೆ ಹಿಡಿಯಿತು

ಡಿಸ್ಕ್ ತುಂಬಿದ್ದು 6:20ಕ್ಕೇ ಗೊತ್ತಾಯಿತು. ಪಾಳಿಯಲ್ಲಿದ್ದ ಎಂಜಿನಿಯರ್ 11 ಜಿಬಿಯಷ್ಟು ಬೆಳೆದಿದ್ದ ಅಪ್ಲಿಕೇಶನ್ ಲಾಗ್ ಕಡತವನ್ನು ಅಳಿಸಿದರು. ಆದರೂ ಪರದೆಯ ಮೇಲಿನ ಅಂಕಿ ಕದಲಲಿಲ್ಲ:

```
$ df -h /data
Filesystem              Size  Used Avail Use% Mounted on
/dev/mapper/vg0-data    200G  200G   20K 100% /data
```

ಅಳಿಸಿದ ಕಡತವನ್ನು ಯಾವುದಾದರೂ ಪ್ರೋಗ್ರಾಂ ಇನ್ನೂ ತೆರೆದು ಹಿಡಿದಿದ್ದರೆ ಲಿನಕ್ಸ್ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಹೆಸರು ಹೋಗುತ್ತದೆ, ಜಾಗ ಉಳಿಯುತ್ತದೆ. ದತ್ತಸಂಚಯವನ್ನು ಮತ್ತೆ ಮತ್ತೆ ಎಬ್ಬಿಸಲು ನೋಡುತ್ತಾ ಅವರಿಗೆ ಅರ್ಧ ಗಂಟೆ ಹೋಯಿತು. 6:50ಕ್ಕೆ ನನಗೆ ಕರೆ ಮಾಡಿದರು. 7:10ಕ್ಕೆ `lsof +L1` ಓಡಿಸಿದಾಗ ಅಳಿಸಿದ ಲಾಗ್ ಇನ್ನೂ ಅಪ್ಲಿಕೇಶನ್ ಹಿಡಿತದಲ್ಲಿರುವುದು ಕಂಡಿತು. ಅಪ್ಲಿಕೇಶನ್ ನಿಲ್ಲಿಸಿದ ಕೂಡಲೇ 11 ಜಿಬಿ ಬಿಡುಗಡೆಯಾಯಿತು. 7:18ಕ್ಕೆ ದತ್ತಸಂಚಯ ಎದ್ದಿತು, 7:31ಕ್ಕೆ ತನ್ನ ಲೆಕ್ಕ ಸರಿಮಾಡಿಕೊಂಡು ಮುಗಿಸಿತು. ಸ್ಲಾಟ್ ತೆಗೆದು, 110 ಜಿಬಿ ಖಾಲಿಯಾದದ್ದನ್ನು ಕಂಡ ಮೇಲೆ 7:43ಕ್ಕೆ ಸಂಘಗಳಿಗೆ ಬಾಗಿಲು ತೆರೆದೆವು.

ಆ ಎಂಜಿನಿಯರ್ ಮಾಡದೆ ಬಿಟ್ಟ ಒಂದು ಕೆಲಸವನ್ನು ಇಲ್ಲಿ ದಾಖಲಿಸಲೇಬೇಕು. 110 ಜಿಬಿ ತಿಂದಿದ್ದ `pg_wal` ಕಡತಕೋಶ ಅವರಿಗೆ ಕಂಡಿತ್ತು. ಸಂಘಗಳಿಂದ ಕರೆಗಳ ಮೇಲೆ ಕರೆ ಬರುತ್ತಿದ್ದಾಗಲೂ ಅದನ್ನು ಮುಟ್ಟಲಿಲ್ಲ. ಆ ಕಡತಗಳನ್ನು ಕೈಯಿಂದ ಅಳಿಸಿದ್ದರೆ ದತ್ತಸಂಚಯ ಏಳದೇ ಹೋಗುವ ಅಪಾಯವಿತ್ತು, ಹಿಂದಿನ ರಾತ್ರಿಯ ಬ್ಯಾಕಪ್‌ಗೆ ಮರಳಬೇಕಾಗುತ್ತಿತ್ತು. ಅವರಿಗೆ ಮೆಚ್ಚುಗೆಯ ಪತ್ರ ಕೊಡಬೇಕೆಂದು ಶಿಫಾರಸು ಮಾಡುತ್ತೇನೆ.

ಮತ್ತೆ ಆಗದಂತೆ

ಸ್ಲಾಟ್ ಹಿಡಿದಿಡುವ ದಿನವಹಿಗೆ ಗುರುವಾರವೇ ಮಿತಿ ಹಾಕಿದ್ದೇವೆ:

```
max_slot_wal_keep_size = 40GB
```

ಇದಕ್ಕೆ ಬೆಲೆಯಿದೆ. ವರದಿ ಸರ್ವರ್ ಮೂರು ದಿನಕ್ಕಿಂತ ಹೆಚ್ಚು ನಿಂತರೆ ಅದರ ಪ್ರತಿಯನ್ನು ಮೊದಲಿನಿಂದ ಕಟ್ಟಬೇಕು, ಅದಕ್ಕೆ ಅರ್ಧ ದಿನ ಬೇಕು. ತಿಂಗಳ ವರದಿ ಅರ್ಧ ದಿನ ಕಾಯಬಹುದು. ಬೆಳಗಿನ ಹಾಲು ಕಾಯುವುದಿಲ್ಲ.

ಎಚ್ಚರಿಕೆಗಳು ಇನ್ನು ವ್ಯಕ್ತಿಗೆ ಹೋಗುವುದಿಲ್ಲ, ಪಾಳಿಯ ಮೊಬೈಲಿಗೆ ಹೋಗುತ್ತವೆ. ಶೇಕಡಾ 75ಕ್ಕೆ ಸಂದೇಶ, 85ಕ್ಕೆ ಕರೆ. ಈಗಿನ ವೇಗದಲ್ಲಿ ಇನ್ನು ಎಷ್ಟು ದಿನಕ್ಕೆ ಡಿಸ್ಕ್ ತುಂಬುತ್ತದೆ ಎಂಬ ಲೆಕ್ಕವೂ ದಿನಾ ಬೆಳಿಗ್ಗೆ ಬರುತ್ತದೆ. ಈ ಒಂದು ಅಂಕಿ ಇದ್ದಿದ್ದರೆ ಮಾರ್ಚ್ 4ರಂದೇ ಎಚ್ಚೆತ್ತುಕೊಳ್ಳುತ್ತಿದ್ದೆವು. ಸ್ಲಾಟ್ ಅರ್ಧ ಗಂಟೆ ನಿಷ್ಕ್ರಿಯವಾಗಿದ್ದರೆ ಬೇರೆ ಎಚ್ಚರಿಕೆ ಇದೆ. ಅಪ್ಲಿಕೇಶನ್ ಲಾಗ್‌ಗಳಿಗೆ ಪ್ರತಿದಿನದ ಸರದಿ ಬದಲಾವಣೆಯನ್ನು ಅಳವಡಿಸಿದ್ದೇವೆ. ತುರ್ತಿಗೆ ಅಳಿಸಲೆಂದೇ 10 ಜಿಬಿಯ ಖಾಲಿ ಕಡತವೊಂದನ್ನು ಡಿಸ್ಕಿನಲ್ಲಿ ಇಟ್ಟಿದ್ದೇವೆ. ಸರ್ವರ್ ನಿಲ್ಲಿಸುವ ಕೋರಿಕೆ ನಮೂನೆಗೆ ಸ್ಲಾಟ್ ಬಗ್ಗೆ ಒಂದು ಸಾಲು ಸೇರಿಸಿದ್ದೇವೆ. ಅದನ್ನು ತುಂಬದೆ ನಾನು ಸಹಿ ಹಾಕುವುದಿಲ್ಲ.

ತಮ್ಮ ಅನುಮತಿ ಬೇಕಿರುವುದು

ದತ್ತಸಂಚಯ, ದಿನವಹಿ ಮತ್ತು ಲಾಗ್ ಮೂರೂ ಒಂದೇ ಡಿಸ್ಕಿನಲ್ಲಿ ಇರುವವರೆಗೆ ಒಂದರ ತೊಂದರೆ ಇನ್ನೊಂದನ್ನು ಮುಳುಗಿಸುತ್ತದೆ. ಅವುಗಳನ್ನು ಬೇರ್ಪಡಿಸಲು ಎರಡು ಡಿಸ್ಕ್‌ಗಳು ಬೇಕು. ದರಪಟ್ಟಿಯನ್ನು ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಿದ್ದೇನೆ. ಸ್ಥಳಾಂತರಕ್ಕೆ ಸುಮಾರು 40 ನಿಮಿಷ ಸರ್ವರ್ ನಿಲ್ಲಿಸಬೇಕಾಗುತ್ತದೆ. ಸಂಜೆಯ ಶೇಖರಣೆ ಮುಗಿದು ಬೆಳಗಿನದು ಶುರುವಾಗುವುದರ ನಡುವೆ, ಮಾರ್ಚ್ 22ರ ಶನಿವಾರ ರಾತ್ರಿ 11 ಗಂಟೆಗೆ ಇದನ್ನು ಮಾಡಲು ಅನುಮತಿ ಕೋರುತ್ತೇನೆ. 18ರೊಳಗೆ ಆದೇಶ ಸಿಕ್ಕರೆ ಎಲ್ಲ ಸಂಘಗಳ ಕಾರ್ಯದರ್ಶಿಗಳಿಗೂ ಮುಂಚಿತವಾಗಿ ತಿಳಿಸಲು ಸಮಯ ಸಿಗುತ್ತದೆ. ಆ ರಾತ್ರಿ ನಾನೇ ಸರ್ವರ್ ಕೊಠಡಿಯಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
ಮುಖ್ಯಸ್ಥ, ಮಾಹಿತಿ ತಂತ್ರಜ್ಞಾನ ವಿಭಾಗ