ಸಹನಾ ಅವರ ಎಂ.ಎಸ್ಸಿ. ಪ್ರವೇಶಕ್ಕೆ ಶಿಫಾರಸು ಪತ್ರ

ಮೈಸೂರು
12 ಜೂನ್ 2024

ಇವರಿಗೆ,
ಮುಖ್ಯಸ್ಥರು, ಪರಿಸರ ವಿಜ್ಞಾನ ವಿಭಾಗ,
ಕುವೆಂಪು ವಿಶ್ವವಿದ್ಯಾಲಯ, ಶಂಕರಘಟ್ಟ

ಮಾನ್ಯರೇ,

ಕುಮಾರಿ ಸಹನಾ ಅವರಿಗೆ ನಾನು ಬಿ.ಎಸ್ಸಿ.ಯ ಮೂರೂ ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ. ಅಂತಿಮ ವರ್ಷದ ಅವರ ಯೋಜನೆಗೆ ಮಾರ್ಗದರ್ಶಕಿಯೂ ಆಗಿದ್ದೆ.

ಕುಕ್ಕರಹಳ್ಳಿ ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ವಿಂಕ್ಲರ್ ವಿಧಾನದಿಂದ ಅಳೆಯುವುದು ಆ ಯೋಜನೆಯ ವಿಷಯ. ಒಂದೇ ಜಾಗದ ಮಾದರಿಗಳು ಬೇರೆ ಬೇರೆ ಫಲಿತಾಂಶ ಕೊಟ್ಟಾಗ, ಸಹಪಾಠಿಗಳು ಸರಾಸರಿ ತೆಗೆದು ಮುಂದುವರಿಯಲು ಸಿದ್ಧರಿದ್ದರೂ, ಸಹನಾ ಪ್ರತಿ ಬಾಟಲಿ ಪ್ರಯೋಗಾಲಯ ತಲುಪಿದ ಸಮಯವನ್ನು ತಮ್ಮ ದಾಖಲೆಯೊಂದಿಗೆ ಹೋಲಿಸಿ, ತಡವಾಗಿ ಬಂದ ಮಾದರಿಗಳಲ್ಲೇ ವ್ಯತ್ಯಾಸ ಹೆಚ್ಚೆಂದು ತೋರಿಸಿದರು. ನಂತರ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಕೆರೆಯ ದಂಡೆಗೇ ಒಯ್ದು, ಆಮ್ಲಜನಕವನ್ನು ಅಲ್ಲಿಯೇ ಸ್ಥಿರಗೊಳಿಸಿ, ಎಲ್ಲ ಅಳತೆಗಳನ್ನೂ ಮೊದಲಿನಿಂದ ಮಾಡಿದರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಅಂಕಿಗಳನ್ನು ಅಳಿಸದೆ, ಕೈಬಿಟ್ಟ ಕಾರಣದೊಂದಿಗೆ ವರದಿಯಲ್ಲಿ ಉಳಿಸಿದ್ದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾಯಿತು.

ಟೈಟ್ರೇಷನ್ನಿನ ಹಂತಗಳನ್ನು ಅವರು ಕನ್ನಡದಲ್ಲಿ ಬರೆದುಕೊಟ್ಟ ಎರಡು ಪುಟಗಳನ್ನು ಈಗಲೂ ಕಿರಿಯ ವಿದ್ಯಾರ್ಥಿಗಳು ಬಳಸುತ್ತಿದ್ದಾರೆ. ಇಂಗ್ಲಿಷಿನಲ್ಲಿ ಬರೆಯಲು ಅವರಿಗೆ ಹೆಚ್ಚು ಸಮಯ ಬೇಕು. ಆದರೆ ಯೋಜನಾ ವರದಿಯನ್ನು ಇಂಗ್ಲಿಷಿನಲ್ಲಿಯೇ, ಗಡುವಿನೊಳಗೆ ಸಲ್ಲಿಸಿದರು.

ಜಲಮಾಲಿನ್ಯದ ಕ್ಷೇತ್ರಕಾರ್ಯವಿರುವ ನಿಮ್ಮ ಎಂ.ಎಸ್ಸಿ.ಗೆ ಅವರನ್ನು ಪೂರ್ಣ ವಿಶ್ವಾಸದಿಂದ ಶಿಫಾರಸು ಮಾಡುತ್ತೇನೆ. ಯೋಜನಾ ವರದಿಯ ಪ್ರತಿಯನ್ನು ಲಗತ್ತಿಸಿದ್ದೇನೆ.

ತಮ್ಮ ವಿಶ್ವಾಸಿ,
ಸಹ ಪ್ರಾಧ್ಯಾಪಕಿ, ರಸಾಯನಶಾಸ್ತ್ರ ವಿಭಾಗ